ಚಪ್ಪಟೆ ಪಾದ, ಎತ್ತರದ ಕಮಾನು: ಓಟದ ಶೂ ಆರಿಸುವ ಬಗೆ, ಇನ್‌ಸೋಲ್ ಬೇಕಾಗುವ ಹೊತ್ತು

ಮಾಟುಂಗದ ನಮ್ಮ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಶಿವಾಜಿ ಪಾರ್ಕಿನಲ್ಲೋ ಮರೀನ್ ಡ್ರೈವಿನಲ್ಲೋ ಓಡುವ ಕನ್ನಡಿಗರು ಆಗಾಗ ಬರುತ್ತಾರೆ. ಜನವರಿಯ ಮುಂಬೈ ಮ್ಯಾರಥಾನ್ ಹತ್ತಿರವಾದಂತೆ ಅವರ ಸಂಖ್ಯೆ ಏರುತ್ತದೆ. ಬಂದವರು ಹೇಳುವ ಮೊದಲ ಮಾತು ಸಾಮಾನ್ಯವಾಗಿ ಒಂದೇ: "ನಂದು ಫ್ಲ್ಯಾಟ್ ಫೂಟ್ ಅಂತೆ, ಅಂಗಡಿಯವರು ಸಪೋರ್ಟ್ ಇರೋ ಶೂ, ಜೊತೆಗೆ ಇನ್‌ಸೋಲ್ ಕೊಟ್ಟರು." ನೋವು ಎಲ್ಲಿದೆ, ಯಾವಾಗ ಬರುತ್ತದೆ ಎಂದು ಅಂಗಡಿಯಲ್ಲಿ ಯಾರೂ ಕೇಳಿರುವುದಿಲ್ಲ. ಪಾದದ ಆಕಾರ ನೋಡಿದ್ದಾರೆ, ಅದಕ್ಕೊಂದು ಡಬ್ಬಿ ಕೊಟ್ಟಿದ್ದಾರೆ.

ಆಕಾರ ಮುಖ್ಯವೇ. ಆದರೆ ಅದಕ್ಕಿಂತ ಮುಖ್ಯವಾದ ಎರಡು ಸಂಗತಿಗಳಿವೆ. ನಿಮ್ಮ ಪಾದ ಬಾಗುತ್ತದೆಯೋ, ಬಿಗಿಯಾಗಿ ನಿಂತಿದೆಯೋ? ನಿಮಗೆ ನೋವಿದೆಯೋ, ಇಲ್ಲವೋ? ಶೂ ಆರಿಸಲು ಮೊದಲ ಪ್ರಶ್ನೆ ಸಾಕು. ಇನ್‌ಸೋಲ್ ಬೇಕೇ ಬೇಡವೇ ಎಂಬುದು ಎರಡನೆಯದರ ಮೇಲೆ ನಿಂತಿದೆ.

ಮನೆಯಲ್ಲೇ ಪಾದ ನೋಡಿಕೊಳ್ಳುವುದು

ಪಾದ ಒದ್ದೆ ಮಾಡಿ ದಿನಪತ್ರಿಕೆಯ ಮೇಲೆ ಒಂದೇ ಕಾಲಿನಲ್ಲಿ ನಿಂತು ಗುರುತು ನೋಡುವ ಪರೀಕ್ಷೆ ಹಲವರಿಗೆ ಗೊತ್ತು. ಹಿಮ್ಮಡಿಯಿಂದ ಬೆರಳ ಬುಡದವರೆಗೆ ಪೂರ್ತಿ ಒದ್ದೆ ಗುರುತು ಬಿದ್ದರೆ ಕಮಾನು ತಗ್ಗು. ಹಿಮ್ಮಡಿಗೂ ಬೆರಳ ಬುಡಕ್ಕೂ ನಡುವೆ ಹೊರ ಅಂಚಿನಲ್ಲಿ ಒಂದು ಎಳೆ ಮಾತ್ರ ಉಳಿದರೆ, ಅಥವಾ ಅದೂ ಕಾಣದಿದ್ದರೆ, ಕಮಾನು ಎತ್ತರ. ಇದು ನಿಂತಲ್ಲೇ ನಿಂತ ಪಾದದ ಚಿತ್ರ. ಓಡುವಾಗ ಪಾದ ಏನು ಮಾಡುತ್ತದೆಂದು ಅದು ಹೇಳುವುದಿಲ್ಲ.

ಆದ್ದರಿಂದ ಇನ್ನೊಂದು ಹೆಜ್ಜೆ ಮುಂದೆ ಹೋಗಿ. ಗೋಡೆ ಹಿಡಿದು ತುದಿಗಾಲಿನ ಮೇಲೆ ನಿಲ್ಲಿ, ಮನೆಯವರಿಗೆ ಹಿಂದಿನಿಂದ ನೋಡಲು ಹೇಳಿ. ಚಪ್ಪಟೆ ಪಾದದಲ್ಲಿ ಆಗ ಕಮಾನು ಎದ್ದು ಬಂದು, ಹಿಮ್ಮಡಿ ಕೊಂಚ ಒಳಗೆ ವಾಲಿದರೆ ಅದು ಬಾಗುವ ಚಪ್ಪಟೆ ಪಾದ. ಚಪ್ಪಟೆ ಪಾದದವರಲ್ಲಿ ಹೆಚ್ಚಿನವರದು ಇದೇ ಬಗೆ, ಇದೊಂದು ಕಾಯಿಲೆಯಲ್ಲ. ತುದಿಗಾಲಿನಲ್ಲೂ ಕಮಾನು ಏಳದೆ ಪಾದ ಹಲಗೆಯಂತೆಯೇ ಉಳಿದರೆ ಶೂ ಅಂಗಡಿಗೆ ಹೋಗುವ ಮುನ್ನ ಮೂಳೆ ವೈದ್ಯರಿಗೆ ತೋರಿಸಬೇಕು.

ಮುಂದೆ ಒಂದೇ ಕಾಲಿನಲ್ಲಿ ಹಿಮ್ಮಡಿ ಎತ್ತಿ ಇಳಿಸಿ. ಗೋಡೆಗೆ ಬೆರಳು ತಾಗಿಸಿಕೊಂಡರೆ ಸಾಕು, ಮೊಣಕಾಲು ಬಗ್ಗಿಸಬಾರದು. ಓಡುವವರು ಸುಮಾರು 20 ಸಲವಾದರೂ ಪೂರ್ತಿ ಎತ್ತರಕ್ಕೆ ಎತ್ತಬಲ್ಲವರಾಗಿರಬೇಕು. ಎರಡು ಕಾಲುಗಳ ನಡುವಿನ ವ್ಯತ್ಯಾಸವನ್ನು ಬರೆದಿಟ್ಟುಕೊಳ್ಳಿ. ಒಂದು ಕಾಲಿನಲ್ಲಿ ಒಂದು ಸಲವೂ ಏಳಲಾಗದೆ, ಒಳ ಹರಡಿನ ಕೆಳಗೆ ನೋವು ಅಥವಾ ಊತವಿದ್ದರೆ, ಕಮಾನನ್ನು ಹಿಡಿದು ನಿಲ್ಲಿಸುವ ಸ್ನಾಯುರಜ್ಜು ಸೋಲುತ್ತಿರಬಹುದು. ನಲವತ್ತು ದಾಟಿದವರಲ್ಲಿ, "ಮೊದಲು ಸರಿಯಾಗಿತ್ತು, ಈಗೊಂದು ವರ್ಷದಿಂದ ಒಂದೇ ಕಾಲು ಚಪ್ಪಟೆಯಾಗುತ್ತಿದೆ" ಎನ್ನುವವರನ್ನು ನಾನು ಶೂ ಮಾತೇ ಎತ್ತದೆ ವೈದ್ಯರ ಬಳಿ ಕಳಿಸುತ್ತೇನೆ.

ಎತ್ತರದ ಕಮಾನಿನವರು ನೋಡಬೇಕಾದ್ದು ಬೇರೆ. ಕುರ್ಚಿಯಲ್ಲಿ ಕೂತಾಗ ಕಾಣುವ ಕಮಾನು, ಎದ್ದು ನಿಂತಾಗಲೂ ಕದಲದೆ ಹಾಗೇ ಇದ್ದರೆ ಆ ಪಾದ ಬಿಗಿ. ನೆಲದ ಪೆಟ್ಟನ್ನು ಅದು ತನ್ನೊಳಗೆ ಹಂಚಿಕೊಳ್ಳುವುದಿಲ್ಲ, ಭಾರವೆಲ್ಲ ಹಿಮ್ಮಡಿಗೂ ಬೆರಳ ಬುಡಕ್ಕೂ ಹೊರ ಅಂಚಿಗೂ ಬೀಳುತ್ತದೆ. ಕಮಾನು ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ, ಒಂದೇ ಕಾಲಿನಲ್ಲಿದ್ದರೆ, ಬೆರಳುಗಳು ಮಡಚಿಕೊಳ್ಳುತ್ತಿದ್ದರೆ, ಸುಮ್ಮಸುಮ್ಮನೆ ಎಡವುತ್ತಿದ್ದರೆ ಕಾರಣ ನರಗಳಲ್ಲಿರಬಹುದು. ಆಗಲೂ ವೈದ್ಯರೇ ಮೊದಲು.

ಹಳೆಯ ಶೂ ಹೇಳುವುದು, ಹೇಳದಿರುವುದು

"ನನ್ನ ಶೂ ಹಿಮ್ಮಡಿಯ ಹೊರಭಾಗ ಸವೆದಿದೆ, ಹಾಗಾದರೆ ನಾನು ಹೊರಕ್ಕೆ ವಾಲಿ ಓಡುತ್ತೇನಾ?" ಎಂದು ಕೇಳುವವರು ಬಹಳ. ಹಿಮ್ಮಡಿ ಮೊದಲು ಊರಿ ಓಡುವವರಲ್ಲಿ ಸೋಲ್ ಸವೆಯುವುದೇ ಅಲ್ಲಿ, ಚಪ್ಪಟೆ ಪಾದದವರಿಗೂ ಹಾಗೆಯೇ. ಅದರಿಂದ ಏನನ್ನೂ ತೀರ್ಮಾನಿಸಬೇಡಿ. ಶೂವನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡುವುದು ಹೆಚ್ಚು ಉಪಯುಕ್ತ. ಹಿಮ್ಮಡಿ ಹಿಡಿಯುವ ಭಾಗ ಒಳಕ್ಕೆ ವಾಲಿ, ಒಳಬದಿಯ ಬಟ್ಟೆ ಸೋಲ್‌ನ ಅಂಚು ದಾಟಿ ಉಬ್ಬಿದ್ದರೆ ಆ ಶೂ ನಿಮ್ಮ ಪಾದವನ್ನು ತಡೆದುಕೊಳ್ಳಲಿಲ್ಲ ಎಂದರ್ಥ. ಹೊರಬದಿಗೆ ಉಬ್ಬಿದ್ದರೆ ಎತ್ತರದ ಕಮಾನಿನವರು ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಕೊನೆಗೆ ಶೂ ಒಳಗಿನ ತೆಳು ಹಾಸನ್ನು ಹೊರಗೆ ಎಳೆದು ನೆಲಕ್ಕಿಟ್ಟು ಅದರ ಮೇಲೆ ನಿಲ್ಲಿ. ಪಾದದ ಅಂಚು ಎಲ್ಲಾದರೂ ಹಾಸಿನ ಆಚೆ ಚಾಚುತ್ತಿದೆಯೇ? ಹೆಬ್ಬೆರಳ ಮುಂದೆ ಜಾಗ ಉಳಿದಿದೆಯೇ? ನಾನು ನೋಡುವ ಚಪ್ಪಟೆ ಪಾದದ ದೂರುಗಳಲ್ಲಿ ದೊಡ್ಡ ಪಾಲು ಇಲ್ಲೇ ಹೊರಬೀಳುತ್ತದೆ. ಬಾಗುವ ಪಾದ ಭಾರ ಬಿದ್ದಾಗ ಉದ್ದವೂ ಆಗುತ್ತದೆ, ಅಗಲವೂ ಆಗುತ್ತದೆ. ಕೂತು ಅಳತೆ ಕೊಟ್ಟವರ ಶೂ ಓಡುವ ಹೊತ್ತಿಗೆ ಚಿಕ್ಕದಾಗಿರುತ್ತದೆ.

ಅಂಗಡಿಯಲ್ಲಿ

ಸಂಜೆ ಹೋಗಿ. ದಿನವಿಡೀ ಲೋಕಲ್‌ನಲ್ಲಿ ನಿಂತು, ಮೆಟ್ಟಿಲು ಹತ್ತಿಳಿದು ಪಾದ ಹಿಗ್ಗಿರುತ್ತದೆ. ಓಡುವಾಗ ಹಾಕುವ ಕಾಲುಚೀಲವನ್ನೇ ಒಯ್ಯಿರಿ. ನಿಂತುಕೊಂಡು ಎರಡೂ ಪಾದ ಅಳೆಸಿ, ದೊಡ್ಡದಕ್ಕೆ ತಕ್ಕ ಅಳತೆ ತೆಗೆದುಕೊಳ್ಳಿ. ಉದ್ದದ ಬೆರಳ ಮುಂದೆ ಸುಮಾರು 1 ಸೆಂ.ಮೀ. ಜಾಗ ಬೇಕು. ಹಾಸು ತೆಗೆದು ಅದರ ಮೇಲೆ ನಿಲ್ಲುವ ಪರೀಕ್ಷೆಯನ್ನು ಹೊಸ ಶೂಗೂ ಮಾಡಿ. ಅಂಗಡಿಯವರು ಬೇಡವೆನ್ನುವುದಿಲ್ಲ.

ಬಾಗುವ ಚಪ್ಪಟೆ ಪಾದಕ್ಕೆ ನಾನು ಹುಡುಕುವುದು ಮೊದಲು ಅಗಲ, ಆಮೇಲೆ ನೆಲೆ. ಹಿಮ್ಮಡಿಯ ಹಿಂಬದಿಯನ್ನು ಎರಡು ಬೆರಳಿನಿಂದ ಅದುಮಿದರೆ ಸುಲಭವಾಗಿ ಕುಸಿಯಬಾರದು. ಶೂವಿನ ಎರಡೂ ತುದಿ ಹಿಡಿದು ಬಟ್ಟೆ ಹಿಂಡುವಂತೆ ತಿರುಚಿದರೆ ನಡುಭಾಗ ಸ್ವಲ್ಪ ಎದುರು ನಿಲ್ಲಬೇಕು. ಬಾಗುವುದು ಬೆರಳ ಬುಡದಲ್ಲಿ ಆಗಬೇಕು, ಕಮಾನಿನ ಕೆಳಗಲ್ಲ. ಅಡಿಭಾಗ ಅಗಲವಾಗಿರಲಿ. ಏಸಿಕ್ಸ್‌ನ ಕಯಾನೊ ಮತ್ತು ಜಿಟಿ-2000, ಬ್ರೂಕ್ಸ್‌ನ ಅಡ್ರಿನಲಿನ್ ಈ ಗುಂಪಿನವು, 'ಸ್ಟೆಬಿಲಿಟಿ' ಎಂದು ಕರೆಯುತ್ತಾರೆ. ಹಿಂದೆ ಇಂಥ ಶೂಗಳ ಒಳಬದಿಯಲ್ಲಿ ಬೂದು ಬಣ್ಣದ ಗಟ್ಟಿ ಫೋಮ್ ಕಾಣುತ್ತಿತ್ತು. ಈಗಿನ ಹಲವು ಮಾದರಿಗಳಲ್ಲಿ ಅದರ ಬದಲು ಅಗಲವಾದ ತಳ, ಎತ್ತರಿಸಿದ ಅಂಚುಗಳಿಂದ ಅದೇ ಕೆಲಸ ಮಾಡಿಸುತ್ತಾರೆ, ನೋಡಿದರೆ ಗೊತ್ತಾಗುವುದಿಲ್ಲ.

ಆದರೆ ಚಪ್ಪಟೆ ಪಾದ ಎಂದ ಮಾತ್ರಕ್ಕೆ ಈ ಗುಂಪಿನಿಂದಲೇ ಕೊಳ್ಳಬೇಕಿಲ್ಲ. ಅಮೆರಿಕದ ಸೇನೆಯ ತರಬೇತಿ ಕೇಂದ್ರಗಳಲ್ಲಿ ಅಂಗಾಲಿನ ಆಕಾರ ನೋಡಿ ಕೆಲವರಿಗೆ ಬೇರೆ ಬೇರೆ ಬಗೆಯ ಶೂ ಕೊಟ್ಟರು, ಉಳಿದವರಿಗೆ ಆಕಾರ ನೋಡದೆ ಒಂದೇ ಬಗೆಯ ಶೂ ಕೊಟ್ಟರು. ಗಾಯದ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ಡೆನ್ಮಾರ್ಕ್‌ನಲ್ಲಿ 927 ಹೊಸ ಓಟಗಾರರಿಗೆ ಒಂದೇ ಬಗೆಯ ಸಾದಾ ಶೂ ಕೊಟ್ಟು ಒಂದು ವರ್ಷ ಗಮನಿಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಪಾದ ಮಿತವಾಗಿ ಒಳಗೆ ವಾಲುವವರಿಗೆ ಉಳಿದವರಿಗಿಂತ ಹೆಚ್ಚು ಗಾಯವಾಗಲಿಲ್ಲ. ಇನ್ನೊಂದು ಬದಿಯೂ ಇದೆ. ಲಕ್ಸೆಂಬರ್ಗ್‌ನಲ್ಲಿ 2016ರಲ್ಲಿ ಬಂದ ಅಧ್ಯಯನವೊಂದರಲ್ಲಿ ಒಳಗೆ ವಾಲುವ ಪಾದದವರಿಗೆ ಆಧಾರ ಕೊಡುವ ಶೂನಿಂದ ಗಾಯ ಕಡಿಮೆಯಾಯಿತು. ಇವೆಲ್ಲವನ್ನೂ ಸೇರಿಸಿ ನಾನು ಮಾಡುವುದು ಇಷ್ಟು: ಅಗಲ ಸರಿಯಿರುವ ಒಂದು ಸಾದಾ ಶೂ, ಒಂದು ಹಗುರ ಆಧಾರದ ಶೂ, ಎರಡನ್ನೂ ಹಾಕಿಸಿ ಓಡಿಸುತ್ತೇನೆ. ಯಾವುದರಲ್ಲಿ ಕಾಲು ತನ್ನಷ್ಟಕ್ಕೆ ಸಾಗುತ್ತದೋ, ಎಲ್ಲೂ ಒತ್ತುವುದಿಲ್ಲವೋ ಅದೇ ಸರಿ. "ಎರಡು ವಾರದಲ್ಲಿ ಒಗ್ಗಿಕೊಳ್ಳುತ್ತೆ" ಎಂದು ಒತ್ತುವ ಶೂ ಮಾರಿದರೆ ಕೊಳ್ಳಬೇಡಿ. ತೀರಾ ಗಟ್ಟಿಯಾದ, ಪಾದವನ್ನು ಹೊರಕ್ಕೆ ತಳ್ಳುವ ಶೂಗಳನ್ನು ನಾನು ಬಹಳ ಅಪರೂಪಕ್ಕೆ ಸೂಚಿಸುತ್ತೇನೆ.

ಎತ್ತರದ ಕಮಾನಿನವರ ಲೆಕ್ಕ ತಿರುಗುಮುರುಗು. ಒಳಬದಿಯಿಂದ ಎತ್ತುವ ಶೂ ಅವರಿಗೆ ಬೇಡವೇ ಬೇಡ, ಮೊದಲೇ ಹೊರ ಅಂಚಿನ ಮೇಲಿರುವ ಪಾದವನ್ನು ಅದು ಇನ್ನಷ್ಟು ಹೊರಕ್ಕೆ ದೂಡುತ್ತದೆ. ಮೆತ್ತನೆಯ ಸಾದಾ ಶೂ ಸಾಕು, ಏಸಿಕ್ಸ್‌ನ ನಿಂಬಸ್, ಕ್ಯುಮ್ಯುಲಸ್, ಬ್ರೂಕ್ಸ್‌ನ ಘೋಸ್ಟ್ ಈ ಬಗೆಯವು. ಆದರೆ ಮೆತ್ತಗೆ ಎಂದು ಎತ್ತರದ, ಕಿರಿದಾದ ತಳದ, ಅಲ್ಲಾಡುವ ಫೋಮಿನ ಶೂ ಹಿಡಿಯಬೇಡಿ. ಮುಂಬೈಯ ಪೇವರ್ ಬ್ಲಾಕ್ ಹಾಸಿದ ಫುಟ್‌ಪಾತಿನಲ್ಲಿ ಒಂದು ಕಲ್ಲು ಎದ್ದಿದ್ದರೂ ಸಾಕು, ಇಂಥ ಪಾದದ ಹರಡು ಹೊರಕ್ಕೆ ಹೊರಳುತ್ತದೆ. ಒಂದೇ ಕಾಲಿನಲ್ಲಿ ನಿಂತು ನೋಡಿ, ಬರಿಗಾಲಿಗಿಂತ ಶೂ ಹಾಕಿದಾಗ ಹೆಚ್ಚು ತೂಗಾಡಿದರೆ ಆ ಶೂ ವಾಪಸಿಡಿ.

ಎತ್ತರದ ಕಮಾನಿನವರಿಗೆ ಇನ್ನೊಂದು ತೊಂದರೆಯಿದೆ, ಅಂಗಡಿಯಲ್ಲಿ ಅದನ್ನು ಯಾರೂ ಹೇಳುವುದಿಲ್ಲ. ವಾಶಿಯಲ್ಲಿರುವ, ಧಾರವಾಡದ ಒಬ್ಬ ಹುಡುಗಿ ಬಂದಾಗ ಹೇಳಿದ್ದು: "ಡಾಕ್ಟರ್ರ, ಐದ್ ಕಿಲೋಮೀಟರ್ ಆದಕೂಡ್ಲೇ ಕಾಲ ಮ್ಯಾಲಿನ ಭಾಗ ಜುಮ್ ಅಂತದರಿ, ಬೆರಳು ಇದ್ದಾವೋ ಇಲ್ಲೋ ಗೊತ್ತಾಗೂದಿಲ್ಲ." ಪಾದದ ಬೆನ್ನು ಎತ್ತರವಿದ್ದಾಗ ಲೇಸು ಅಲ್ಲಿ ನರವನ್ನು ಒತ್ತುತ್ತದೆ. ಜುಮ್ಮೆನ್ನುವ ಜಾಗದ ಮೇಲೆ ಲೇಸನ್ನು ಅಡ್ಡ ಹಾಯಿಸದೆ, ಎರಡೂ ಬದಿಯಲ್ಲಿ ನೇರವಾಗಿ ಮುಂದಿನ ರಂಧ್ರಕ್ಕೆ ಏರಿಸಿ, ಅಲ್ಲಿಂದ ಮೇಲೆ ಮತ್ತೆ ಅಡ್ಡ ಹಾಕಿಸಿದೆ. ಅವಳ ಜೋಮು ಅಷ್ಟಕ್ಕೇ ಹೋಯಿತು. ಶೂ ಬದಲಿಸುವ ಅಗತ್ಯವಿರಲಿಲ್ಲ.

ಇನ್‌ಸೋಲ್ ಯಾವಾಗ?

ನೋವಿಲ್ಲದ ಚಪ್ಪಟೆ ಪಾದಕ್ಕೆ ಇನ್‌ಸೋಲ್ ಬೇಡ. ಅದು ಕಮಾನನ್ನು ಹೊಸದಾಗಿ ಕಟ್ಟಿಕೊಡುವುದಿಲ್ಲ, ಶೂ ಬಿಚ್ಚಿದರೆ ಪಾದ ಹಿಂದಿನಂತೆಯೇ ಇರುತ್ತದೆ. ಓಡಾಡಿಕೊಂಡಿರುವ, ನೋವೆನ್ನದ ಮಕ್ಕಳ ಬಾಗುವ ಚಪ್ಪಟೆ ಪಾದಕ್ಕಂತೂ ಖಂಡಿತ ಬೇಡ. ಇನ್‌ಸೋಲ್ ಮಾಡುವುದು ಭಾರವನ್ನು ಒಂದು ಜಾಗದಿಂದ ಇನ್ನೊಂದಕ್ಕೆ ದಾಟಿಸುವ ಕೆಲಸ. ಆದ್ದರಿಂದ ನೊಂದ ಜಾಗವೊಂದಿದ್ದು, ಅದಕ್ಕೆ ಸ್ವಲ್ಪ ಕಾಲ ಬಿಡುವು ಬೇಕಿದ್ದಾಗ ಅದು ನೆರವಿಗೆ ಬರುತ್ತದೆ.

ಅದು ಹೇಗೆಂದು ಒಬ್ಬರ ಉದಾಹರಣೆಯಲ್ಲೇ ಹೇಳುತ್ತೇನೆ. ಕುಂದಾಪುರ ಕಡೆಯವರು, 44 ವರ್ಷ, ಕಿಂಗ್ಸ್ ಸರ್ಕಲ್ ಹತ್ತಿರ ಹೋಟೆಲು. ಬೆಳಗಿನ ಐದಕ್ಕೆ ಅಡುಗೆಮನೆಯಲ್ಲಿ ನಿಂತರೆ ದಿನಕ್ಕೆ ಹತ್ತು ಗಂಟೆ ಕಾಲ ಮೇಲೆ. ವಾರಕ್ಕೆ ನಾಲ್ಕು ದಿನ, ಒಟ್ಟು 30 ಕಿ.ಮೀ. ಓಟ. "ಬೆಳಿಗ್ಗೆ ಎದ್ದ್ ಕಾಲ್ ಕೆಳಗ್ ಇಟ್ರೆ ಹಿಮ್ಮಡಿಗ್ ಮೊಳೆ ಹೊಡ್ದಂಗ್ ಆತ್ತ್ ಕಾಣಿ" ಎಂದರು. ಎಡ ಹಿಮ್ಮಡಿಯ ಕೆಳಗೆ, ಒಳಬದಿಗೆ, ಬೆರಳಿಟ್ಟು ತೋರಿಸಬಲ್ಲಂಥ ನೋವು. ಹತ್ತು ಹೆಜ್ಜೆ ನಡೆದರೆ ಕಡಿಮೆ, ಸಂಜೆಗೆ ಮತ್ತೆ ಜಾಸ್ತಿ. ಅಂಗಾಲಿನ ಪಟ್ಟಿ ಹಿಮ್ಮಡಿಗೆ ಅಂಟುವಲ್ಲಿ ನೊಂದಿರುವ ಲಕ್ಷಣವಿದು.

ಅವರ ಪಾದದ ಗುರುತು ಪೂರ್ತಿ ಚಪ್ಪಟೆ. ತುದಿಗಾಲಿನಲ್ಲಿ ಕಮಾನು ಚೆನ್ನಾಗಿ ಎದ್ದಿತು. ಒಂದೇ ಕಾಲಿನ ಹಿಮ್ಮಡಿ ಎತ್ತುವುದು ಬಲಗಾಲಿನಲ್ಲಿ 21, ಎಡಗಾಲಿನಲ್ಲಿ 9. ಹಾಕಿದ್ದು 8ನೇ ಅಳತೆಯ ಗಡುಸು ಆಧಾರದ ಶೂ, ಅದರ ಸ್ವಂತ ಹಾಸಿನ ಮೇಲೆ ಕಮಾನಿನ ಇನ್ನೊಂದು ಇನ್‌ಸೋಲ್. ಒಂದರ ಮೇಲೊಂದು ಕೂತಿದ್ದರಿಂದ ಹಿಮ್ಮಡಿ ಶೂವಿನ ಹಿಡಿತದಿಂದ ಮೇಲೆ ಎದ್ದು ಜಾರುತ್ತಿತ್ತು, ಬೆರಳಿಗೆ ಜಾಗವಿರಲಿಲ್ಲ, ಕಾಲು ಹೊರಕ್ಕೆ ತಳ್ಳಿಸಿಕೊಂಡು ಮೊಣಕಾಲಿನ ಹೊರಬದಿಯೂ ನೋಯಲು ಶುರುವಾಗಿತ್ತು. ಹಾಸನ್ನು ಹೊರತೆಗೆದು ನಿಲ್ಲಿಸಿದಾಗ ಎಡಪಾದ ಮುಂದಕ್ಕೂ ಪಕ್ಕಕ್ಕೂ ಚಾಚಿತ್ತು. ಹೋಟೆಲಿನಲ್ಲಿ ಏನು ಹಾಕುತ್ತೀರಿ ಎಂದು ಕೇಳಿದೆ. ರಬ್ಬರ್ ಚಪ್ಪಲಿ, ಅದೂ ಸವೆದು ತೆಳುವಾದದ್ದು. ವಾರಕ್ಕೆ ಮೂರೂವರೆ ಗಂಟೆ ಓಡುವ ಶೂನಲ್ಲಿ ಎರಡೆರಡು ಆಧಾರ, ಎಪ್ಪತ್ತು ಗಂಟೆ ನಿಲ್ಲುವಾಗ ಏನೂ ಇಲ್ಲ.

ಇನ್‌ಸೋಲ್ ಕೊಳ್ಳಿಸುವ ಮುನ್ನ ನಾನು ಟೇಪ್ ಹಾಕಿ ನೋಡುತ್ತೇನೆ. ಹಿಗ್ಗದ ಅಂಟುಪಟ್ಟಿಯನ್ನು ಹಿಮ್ಮಡಿ ಸುತ್ತ, ಅಂಗಾಲಿನ ಅಡ್ಡಕ್ಕೆ ಹಾಕಿ ಕಮಾನನ್ನು ಎರಡು ದಿನ ಎತ್ತಿ ಹಿಡಿದರೆ, ಇನ್‌ಸೋಲ್‌ನಿಂದ ಉಪಯೋಗವಾದೀತೇ ಎಂಬ ಸುಳಿವು ಸಿಗುತ್ತದೆ. ಇವರ ಬೆಳಗಿನ ನೋವು ಹತ್ತರಲ್ಲಿ 7 ಇದ್ದದ್ದು 3ಕ್ಕೆ ಇಳಿಯಿತು. ನೋವು ಕದಲದೇ ಇದ್ದಿದ್ದರೆ ಇನ್‌ಸೋಲ್ ಬೇಡ ಎನ್ನುತ್ತಿದ್ದೆ.

ಆಮೇಲೆ ಮಾಡಿದ್ದು ಹೀಗೆ. ಓಟಕ್ಕೆ 9ನೇ ಅಳತೆಯ, ಅಗಲದ, ಹಗುರ ಆಧಾರದ ಶೂ, ಒಳಗೆ ಅದರದೇ ಹಾಸು. ಹೋಟೆಲಿಗೆ ಲೇಸಿರುವ, ಜಾರದ ತಳದ ಮುಚ್ಚಿದ ಶೂ, ಅದರ ಹಾಸು ತೆಗೆದು ಅಲ್ಲಿಗೆ ಸಿದ್ಧ ಇನ್‌ಸೋಲ್. ಅಂದರೆ ಇನ್‌ಸೋಲ್ ಹೋದದ್ದು ಓಟದ ಶೂಗಲ್ಲ, ಕೆಲಸದ ಶೂಗೆ. ಓಟ ವಾರಕ್ಕೆ 15 ಕಿ.ಮೀ.ಗೆ ಇಳಿಯಿತು. ದಿನ ಬಿಟ್ಟು ದಿನ ಮೆಟ್ಟಿಲ ಅಂಚಿನಲ್ಲಿ, ಬೆರಳ ಕೆಳಗೆ ಸುತ್ತಿದ ಟವೆಲ್ ಇಟ್ಟು, ನಿಧಾನವಾಗಿ ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮ. ಎಂಟು ವಾರಕ್ಕೆ ಬೆಳಗಿನ ನೋವು ಬಹುತೇಕ ಹೋಗಿತ್ತು, ಎಡಗಾಲು 17 ಸಲ ಏಳುತ್ತಿತ್ತು. ಮೊಣಕಾಲಿನ ನೋವು ಹಳೆಯ ಶೂ ಬಿಟ್ಟ ಎರಡನೇ ವಾರಕ್ಕೇ ನಿಂತಿತ್ತು.

ಸಿದ್ಧ ಇನ್‌ಸೋಲ್ ಸಾಕೇ, ಪಾದದ ಅಚ್ಚು ತೆಗೆಸಿ ಮಾಡಿಸಬೇಕೇ? ಹಿಮ್ಮಡಿ ನೋವಿಗೆ ಸಿದ್ಧ ಇನ್‌ಸೋಲ್‌ನಿಂದಲೇ ಶುರುಮಾಡಿ. ಆಸ್ಟ್ರೇಲಿಯಾದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಮೂರು ತಿಂಗಳಿಗೆ ಎರಡೂ ಬಗೆಯಿಂದ ಸ್ವಲ್ಪ ಅನುಕೂಲವಾಯಿತು, ಮಾಡಿಸಿದ್ದು ಸಿದ್ಧಕ್ಕಿಂತ ಮೇಲೆನಿಸಲಿಲ್ಲ, ವರ್ಷ ಕಳೆದ ಮೇಲೆ ಎಲ್ಲರೂ ಹೆಚ್ಚುಕಡಿಮೆ ಒಂದೇ ಕಡೆ ಇದ್ದರು. ಗಟ್ಟಿ ಫೋಮಿನ, ಹಿಮ್ಮಡಿಗೆ ಬಟ್ಟಲಿರುವ ಬಗೆ ಆರಿಸಿ. ಹೆಬ್ಬೆರಳಿನಿಂದ ಒತ್ತಿದರೆ ಕಮಾನಿನ ಭಾಗ ಸುಲಭಕ್ಕೆ ಮಲಗಬಾರದು. ಜೆಲ್ ತುಂಬಿದ ಮೆತ್ತನೆಯ ಹಾಸು ನಿಂತಾಗ ಹಿತವೆನಿಸಬಹುದು, ಭಾರವನ್ನು ಬೇರೆ ಕಡೆಗೆ ದಾಟಿಸುವ ಕೆಲಸ ಅದರಿಂದ ಆಗದು.

ಅಚ್ಚು ತೆಗೆಸಿದ ಇನ್‌ಸೋಲ್‌ಗೆ ನಿಜಕ್ಕೂ ಜಾಗವಿರುವುದು ನೋವಿರುವ ಎತ್ತರದ ಕಮಾನಿಗೆ. ಸಿಡ್ನಿಯಲ್ಲಿ 154 ಮಂದಿಯ ಮೇಲೆ ನಡೆದ, 2006ರದೇ ಇನ್ನೊಂದು ಪರೀಕ್ಷೆಯಲ್ಲಿ, ತೋರಿಕೆಯ ಹಾಸು ಹಾಕಿದವರಿಗಿಂತ ಅಚ್ಚಿನ ಇನ್‌ಸೋಲ್ ಹಾಕಿದವರಿಗೆ ಮೂರು ತಿಂಗಳಲ್ಲಿ ನೋವು ಚೆನ್ನಾಗಿ ತಗ್ಗಿತು. ಕಾರಣ ಸರಳ. ಎತ್ತರದ ಕಮಾನು ನೆಲ ಮುಟ್ಟುವುದೇ ಇಲ್ಲ. ಅದರ ಕೆಳಗಿನ ಖಾಲಿ ಜಾಗವನ್ನು ಸರಿಯಾಗಿ ತುಂಬಿದರೆ ಹಿಮ್ಮಡಿ, ಬೆರಳ ಬುಡದ ಭಾರ ಹಂಚಿಹೋಗುತ್ತದೆ. ಅಂಗಡಿಯ ಸಿದ್ಧ ಇನ್‌ಸೋಲ್‌ನ ಕಮಾನು ಅಷ್ಟು ಎತ್ತರಕ್ಕೆ ತಲುಪುವುದಿಲ್ಲ, ಅಥವಾ ತಪ್ಪು ಜಾಗದಲ್ಲಿ ಚುಚ್ಚುತ್ತದೆ. ಮಾಡಿಸುವಾಗ ಒಂದು ಮಾತು ಹೇಳಿ: ಒಳಬದಿಯಿಂದ ಪಾದವನ್ನು ಹೊರಕ್ಕೆ ಓರೆಯಾಗಿಸಬಾರದು.

ಧಾರವಾಡದ ಹುಡುಗಿಗೆ ಅದೂ ಬೇಕಾಗಲಿಲ್ಲ. ಬೆರಳ ಬುಡದಲ್ಲಿ ಅವಳಿಗೆ ನೋವಿರಲಿಲ್ಲ, ಹರಡು ಹೊರಳುವುದಷ್ಟೇ ಇತ್ತು. ಅಗಲ ತಳದ ಶೂ, ಒಂಟಿ ಕಾಲಿನ ಸಮತೋಲನದ ಅಭ್ಯಾಸ, ಎದ್ದ ಪೇವರ್ ಬ್ಲಾಕ್‌ಗಳಿಂದ ದೂರ ಪಾಮ್ ಬೀಚ್ ರಸ್ತೆಯ ಕಡೆ ಓಟ, ಇಷ್ಟೇ.

ಹಾಕಿಕೊಂಡ ಮೇಲೆ

ಹೊಸ ಇನ್‌ಸೋಲನ್ನು ಮೊದಲ ದಿನವೇ ಓಟಕ್ಕೆ ಹಾಕಬೇಡಿ. ಒಂದು ಗಂಟೆ ನಡಿಗೆಯಿಂದ ಶುರುಮಾಡಿ, ಹಾಕಿಕೊಂಡಿರುವ ಹೊತ್ತನ್ನು ದಿನಕ್ಕೊಂದು ಗಂಟೆ ಏರಿಸಿ, ಓಟ ಎರಡನೇ ವಾರಕ್ಕೆ ಬರಲಿ, ಅದೂ ಚಿಕ್ಕದು. ಶೂವಿನ ಹಾಸು ತೆಗೆದೇ ಕೂರಿಸಿ. ಮೊದಲ ದಿನಗಳಲ್ಲಿ ಕಮಾನಿನ ಕೆಳಗೆ ಏನೋ ಇದೆ ಎನಿಸುವುದು ಸಹಜ. ಗುಳ್ಳೆ ಏಳುವುದು, ಪಾದದ ಹೊರ ಅಂಚು ನೋಯುವುದು, ಮೊಣಕಾಲಿನಲ್ಲಿ ಹೊಸ ನೋವು ಬರುವುದು ಸಹಜವಲ್ಲ, ತೆಗೆದುಬಿಡಿ. ನಾಲ್ಕರಿಂದ ಆರು ವಾರದಲ್ಲಿ ಮೂಲ ನೋವು ಕದಲದಿದ್ದರೆ ಇನ್ನೂ ಗಟ್ಟಿಯದನ್ನು ಕೊಳ್ಳುವ ಬದಲು ನೋವಿನ ಕಾರಣವನ್ನೇ ಮತ್ತೆ ಪರೀಕ್ಷಿಸಬೇಕು. ಮೂಳೆಯ ಮೇಲೆ ಒಂದೇ ಬಿಂದುವಿನಲ್ಲಿ ನೋವಿದ್ದು, ಓಡಿದಷ್ಟೂ ಏರಿ, ರಾತ್ರಿಯೂ ಕಾಡಿದರೆ ಅದು ಮೂಳೆಯ ಸಣ್ಣ ಬಿರುಕಿರಬಹುದು, ಓಟ ನಿಲ್ಲಿಸಿ ವೈದ್ಯರನ್ನು ಕಾಣಿ. ಸಕ್ಕರೆ ಕಾಯಿಲೆಯಿಂದ ಅಂಗಾಲಿನ ಸ್ಪರ್ಶ ಕುಂದಿದವರು ಅಂಗಡಿಯಿಂದ ಇನ್‌ಸೋಲ್ ತಂದು ತಾವೇ ಹಾಕಿಕೊಳ್ಳಬಾರದು, ಎಲ್ಲಿ ಉಜ್ಜುತ್ತಿದೆಯೆಂದು ಅವರಿಗೆ ತಿಳಿಯುವುದಿಲ್ಲ.

ಮಳೆಗಾಲದಲ್ಲಿ ಇನ್‌ಸೋಲನ್ನು ಪ್ರತಿ ಓಟದ ನಂತರ ಹೊರತೆಗೆದು ಫ್ಯಾನಿನ ಕೆಳಗೆ ಒಣಗಿಸಿ, ಶೂ ಒಳಗೆ ಹಳೆಯ ಪೇಪರ್ ತುರುಕಿಡಿ. ಬಿಸಿಲಿಗೋ ಹೀಟರಿಗೋ ಇಡಬೇಡಿ, ಅಂಟು ಬಿಡುತ್ತದೆ, ಫೋಮ್ ಗಡಸಾಗುತ್ತದೆ. ನೋವು ಹೋಗಿ ಎರಡು ತಿಂಗಳಾದ ಮೇಲೆ, ಹಿಮ್ಮಡಿ ಎತ್ತುವ ಲೆಕ್ಕ ಎರಡೂ ಕಾಲಿನಲ್ಲಿ ಸಮಕ್ಕೆ ಬಂದಿದ್ದರೆ, ಮೊದಲು ಚಿಕ್ಕ ನಡಿಗೆಗಳಲ್ಲಿ ಇನ್‌ಸೋಲ್ ಇಲ್ಲದೆ ಹೋಗಿ ನೋಡಿ. ಮರುದಿನ ಬೆಳಗಿನ ಮೊದಲ ಹೆಜ್ಜೆ ನೋಯದಿದ್ದರೆ ವಾರವಾರ ಹೊತ್ತು ಹೆಚ್ಚಿಸಿ. ಹೋಟೆಲಿನವರು ಈಗ ಓಟದಲ್ಲೂ ಮನೆಯಲ್ಲೂ ಇನ್‌ಸೋಲ್ ಹಾಕುವುದಿಲ್ಲ, ಅಡುಗೆಮನೆಯ ಶೂನಲ್ಲಿ ಮಾತ್ರ ಇಟ್ಟುಕೊಂಡಿದ್ದಾರೆ. ಹತ್ತು ಗಂಟೆ ನಿಲ್ಲುವ ಕೆಲಸವಿರುವವರೆಗೆ ಅದನ್ನು ತೆಗೆಯಿರಿ ಎಂದು ನಾನೂ ಹೇಳಿಲ್ಲ.